ಏಳನೆಯ ಷರತ್ತು

ಹನ್ನೊಂದು ವರ್ಷಗಳಲ್ಲಿ ಲೀಲಾಕ್ಷಿ ಎಷ್ಟು ಆಫರ್ ಲೆಟರ್‌ಗಳನ್ನು ಟೈಪು ಮಾಡಿದ್ದಳೋ ಅವಳಿಗೇ ನೆನಪಿಲ್ಲ. ಆದರೆ ತಾನು ಇರುವ ಕಟ್ಟಡದ ವಿಳಾಸವನ್ನೇ ಲಕೋಟೆಯ ಮೇಲೆ ಬರೆದದ್ದು ಒಂದೇ ಸಲ. ಆ ಪತ್ರವನ್ನು ಕೈಚೀಲದಲ್ಲಿಟ್ಟುಕೊಂಡು ಪುಣೆಯ ಶಿವಾಜಿನಗರದಲ್ಲಿ ಸಂಜೆಯ ಲೋಕಲ್ ರೈಲು ಹತ್ತಿದ್ದರೆ ಅರ್ಧ ಗಂಟೆಯಲ್ಲಿ ದಾಪೋಡಿಯ ಮನೆ ಮುಟ್ಟಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಉಳಿದವರ ಪತ್ರ ಹೇಗೆ ಹೋಗುತ್ತದೋ ಇದೂ ಹಾಗೇ ಹೋಗಲಿ ಎಂದು ಕೊರಿಯರ್‌ನವನ ಕೈಗೆ ಕೊಟ್ಟು, ರಸೀದಿಯನ್ನು ಫೈಲಿಗೆ ಸೇರಿಸಿದಳು.

ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದ ಸುರಭಿ ಇದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಲೀಲಾತಾಯಿ, ನಿಮ್ಮ ಮೇಲಿನ ಮನೆಗೆ ಕೊರಿಯರ್ ಮಾಡಿದ್ದೀರಾ? ಇನ್ನು ಸಕ್ಕರೆ ಕಡ ಕೇಳುವುದಾದರೂ ಸ್ಪೀಡ್ ಪೋಸ್ಟಿನಲ್ಲೇ ಕೇಳುತ್ತೀರಾ?" ಆಫೀಸಿನಲ್ಲಿ ಎಲ್ಲರೂ ಆಡುವುದು ಮರಾಠಿ, ಅದರಲ್ಲಿ ತಾಯಿ ಎಂದರೆ ಅಕ್ಕ; ಲೀಲಾಕ್ಷಿಯೂ ಮರಾಠಿಯಲ್ಲೇ ಉತ್ತರ ಕೊಟ್ಟಳು. "ನಾಳೆ ಯಾರೂ ಏನೂ ಅನ್ನಬಾರದು ನೋಡು."

ಯಾರೂ ಏನೂ ಅನ್ನಬಾರದು ಎಂಬುದು ಅವಳ ಬದುಕಿನ ಅರ್ಧ ಕೆಲಸವಾಗಿತ್ತು. ಧಾರವಾಡದಲ್ಲಿ ಬಿ.ಎ. ಮುಗಿಸಿ, ಟೈಪಿಂಗ್ ಕಲಿತು, ತಂದೆ ತೀರಿದ ವರ್ಷ ಪುಣೆಗೆ ಬಂದವಳು ಅವಳು. ಮದುವೆ ಒಲಿದು ಬರಲಿಲ್ಲ. ತಂಗಿ ತ್ರಿವೇಣಿಯ ಗಂಡ ಶಿವಪ್ರಕಾಶ ಭೋಸರಿಯಲ್ಲಿ ಲೋಹದ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ದಾಪೋಡಿಯ ಹೌಸಿಂಗ್ ಸೊಸೈಟಿಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ಮನೆ, ಅದರ ಕೆಳಗಿನ ಒಂದು ಕೋಣೆಯ ಮನೆ ಇವಳದು. ಮೇಲಿನ ಕುಕ್ಕರಿನ ಸೀಟಿ ಇವಳಿಗೆ ಕೇಳಿಸುತ್ತಿತ್ತು, ಇವಳ ರೇಡಿಯೋ ಮೇಲಿನವರಿಗೆ.

ಈಗ ಅದೇ ಶಿವಪ್ರಕಾಶನಿಗೆ ಲೀಲಾಕ್ಷಿಯ ಕಂಪನಿಯಿಂದ ಆಫರ್ ಲೆಟರ್ ಹೋಗಿತ್ತು. ಕಂಪನಿಯ ಕಚೇರಿ ಶಿವಾಜಿನಗರದಲ್ಲಿ, ಕಾರ್ಖಾನೆ ಚಾಕಣದಲ್ಲಿ. ಲಾರಿಗಳ ಗೇರಿನ ಭಾಗಗಳನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ಅವನು ಪೇಪರಿನ ಜಾಹೀರಾತು ನೋಡಿ ತಾನೇ ಅರ್ಜಿ ಹಾಕಿದ್ದ. ಕಂಪನಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂಬ ಕಾಲಮ್ಮಿನಲ್ಲಿ ಲೀಲಾಕ್ಷಿಯ ಹೆಸರು ಬರೆದಿದ್ದ. ಅದನ್ನು ಬರೆಯಿಸಿದವಳೂ ಅವಳೇ. ಆ ದಿನದಿಂದ ಅವನ ಫೈಲು ತನ್ನ ಮೇಜಿನ ಮೇಲೆ ಬಂದಾಗಲೆಲ್ಲ ಅವಳು ಅದನ್ನು ಬಿಸಿ ಪಾತ್ರೆ ಎತ್ತಿದ ಹಾಗೆ ತುದಿಬೆರಳಿನಿಂದ ಎತ್ತಿ ಮುಂದಕ್ಕೆ ದಾಟಿಸುತ್ತಿದ್ದಳು.

ಪತ್ರ ಕೈಗೆ ಸಿಕ್ಕ ಅಭ್ಯರ್ಥಿಗಳು ಸಾಮಾನ್ಯವಾಗಿ ಅವಳಿಗೇ ಫೋನು ಮಾಡುವರು. ಎಲ್ಲರದೂ ಒಂದೇ ಪ್ರಶ್ನೆ: ಮೇಡಂ, ಇನ್ನು ಅಲ್ಲಿ ರಾಜೀನಾಮೆ ಕೊಡಬಹುದೇ? ಅವಳು ಎಲ್ಲರಿಗೂ ಅದೇ ಉತ್ತರವನ್ನು ಅದೇ ತಾಳ್ಮೆಯಿಂದ ಹೇಳುವಳು. ಇದು ಆಫರ್ ಲೆಟರ್. ಕಂಪನಿ ನಿಮ್ಮನ್ನು ಕರೆಯುತ್ತಿದೆ ಎಂದಷ್ಟೇ ಇದರ ಅರ್ಥ. ಅಪಾಯಿಂಟ್‌ಮೆಂಟ್ ಲೆಟರ್ ಬೇರೆ. ಅದು ನೀವು ಬಂದು ಸೇರಿದ ದಿನ, ಹಳೆಯ ಕಂಪನಿಯ ಬಿಡುಗಡೆ ಪತ್ರ ತೋರಿಸಿದ ಮೇಲೆ, ನಿಮ್ಮ ನೌಕರ ಸಂಖ್ಯೆ ಹಾಕಿ ಎರಡು ಪ್ರತಿ ಸಹಿ ಮಾಡಿಸಿ ಕೊಡುವಂಥದ್ದು. ಆ ತನಕ ಈ ಪತ್ರದ ಷರತ್ತುಗಳನ್ನು ಓದಿ. ಮೆಡಿಕಲ್ ಆಗಲಿ. ನೀವು ಕೊಟ್ಟ ಹೆಸರಿನವರನ್ನು ನಾವು ವಿಚಾರಿಸುವುದು ಮುಗಿಯಲಿ. ಮಂಜೂರಾತಿಯೂ ಸೇರಿ ಎಲ್ಲ ಷರತ್ತು ಪೂರೈಸಿದೆ, ಇಂಥ ತಾರೀಕಿಗೆ ಬನ್ನಿ ಎಂದು ನಮ್ಮಿಂದ ಬರಹದಲ್ಲಿ ಬರಲಿ. ಆಮೇಲೆ ರಾಜೀನಾಮೆ. ನೋಟಿಸಿನ ದಿನ ಸಾಲದಿದ್ದರೆ ಸೇರುವ ತಾರೀಕು ಮುಂದೆ ಹಾಕಿ ಎಂದು ಒಂದು ಅರ್ಜಿ ಬರೆದರೆ ಸಾಕು, ಹಾಕಿ ಕೊಡುತ್ತೇವೆ.

ಸುರಭಿ ಇದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. "ನೀವು ಕೆಲಸ ಕೊಡುತ್ತೀರೋ ಹೆದರಿಸುತ್ತೀರೋ ತಾಯಿ?" ಎನ್ನುವಳು.

ಹೆದರುವುದಕ್ಕೆ ಲೀಲಾಕ್ಷಿಗೆ ಕಾರಣವಿತ್ತು. ಪತ್ರದಲ್ಲಿ ಏಳನೆಯದೊಂದು ಷರತ್ತು ಇತ್ತು: ಈ ಪತ್ರ ನೇಮಕಾತಿ ಆದೇಶವಲ್ಲ, ಆಡಳಿತ ಮಂಡಳಿಯ ಅಂತಿಮ ಮಂಜೂರಾತಿಗೆ ಒಳಪಟ್ಟಿದೆ. ಓದಿದವರು ಅದನ್ನು ಮಾಮೂಲಿ ಮಾತೆಂದು ದಾಟಿ ಮುಂದೆ ಹೋಗುವರು. ಅದು ಮಾಮೂಲಿ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಹುದ್ದೆಗೂ ಒಂದು ಬೇಡಿಕೆ ಹಾಳೆ ಇರುತ್ತದೆ. ಅದರ ಮೇಲೆ ಮೂರು ಸಹಿ ಬೀಳಬೇಕು: ಚಾಕಣದ ಕಾರ್ಖಾನೆಯ ಮುಖ್ಯಸ್ಥರದು, ಇಲ್ಲಿಯ ಮ್ಯಾನೇಜರ್ ಕೃಷ್ಣಾಜಿಯವರದು, ಕೊನೆಗೆ ಮುಂಬಯಿಯಲ್ಲಿ ಕೂರುವ ದೊಡ್ಡ ಸಾಹೇಬರದು. ಮೂರೂ ಬಿದ್ದ ಮೇಲೆಯೇ ಪತ್ರ ಹೋಗಬೇಕೆಂದು ನಿಯಮ. ಆದರೆ ಚಾಕಣದವರಿಗೆ ಯಾವಾಗಲೂ ಅವಸರ. "ಎರಡು ಸಹಿ ಆಗಿವೆಯಲ್ಲ, ಪತ್ರ ಕಳಿಸಿ, ಸಾಹೇಬರು ಬಂದಾಗ ಒಟ್ಟಿಗೆ ಮಾಡಿಸೋಣ" ಎನ್ನುವರು ಕೃಷ್ಣಾಜಿ. ಹನ್ನೊಂದು ವರ್ಷ ಹಾಗೇ ನಡೆದಿತ್ತು. ಮೂರನೆಯ ಸಹಿ ಒಮ್ಮೆಯೂ ತಪ್ಪಿರಲಿಲ್ಲ, ತಡವಾಗಿ ಬಿದ್ದಿತ್ತು ಅಷ್ಟೆ.

ಶಿವಪ್ರಕಾಶನ ಹಾಳೆಯ ಮೇಲೂ ಎರಡೇ ಸಹಿ ಇದ್ದವು. ಬೇರೆಯವರದಾಗಿದ್ದರೆ ಅವಳು ಕೃಷ್ಣಾಜಿಯವರ ಮುಂದೆ ಹಾಳೆ ಹಿಡಿದು ನಿಂತು, "ಸಾಹೇಬ, ಇದೊಂದು ಉಳಿದಿದೆ" ಎಂದು ನೆನಪಿಸುತ್ತಿದ್ದಳು. ತಂಗಿಯ ಗಂಡನದೆಂದು ಸುಮ್ಮನಾದಳು.

ಅದು ಎರಡು ಸಾವಿರದ ಎಂಟನೆಯ ಇಸವಿಯ ಸೆಪ್ಟೆಂಬರ್. ಬುಧವಾರ ಹೊರಟ ಪತ್ರ ಶುಕ್ರವಾರ ಮಧ್ಯಾಹ್ನ ದಾಪೋಡಿಗೆ ಮುಟ್ಟಿತು. ಸಂಜೆ ಸೊಸೈಟಿಯ ಗಣಪತಿಗೆ ಆರತಿ. ಕೆಳಗಿನ ಪಾರ್ಕಿಂಗಿನಲ್ಲಿ ಹಾಕಿದ ಪೆಂಡಾಲಿನ ಮುಂದೆ ಜನ ಸೇರಿತ್ತು. ಚಪ್ಪಾಳೆ, ಜಾಗಟೆ ಎಲ್ಲ ಮುಗಿದು, ಪ್ರಸಾದದ ದೊನ್ನೆ ಹಿಡಿದು ಜನ ಅಲ್ಲಲ್ಲಿ ಮಾತಿಗೆ ನಿಂತಾಗ ಶಿವಪ್ರಕಾಶ ಅವಳ ಪಕ್ಕಕ್ಕೆ ಬಂದ. ನಲವತ್ತೊಂದರ ಮನುಷ್ಯ, ಅಳತೆಯ ಕೆಲಸದವನಾದ್ದರಿಂದಲೋ ಏನೋ ಮಾತನ್ನೂ ತೂಗಿ ಆಡುವವನು. ಅವತ್ತು ಮಾತ್ರ ಮುಖದಲ್ಲಿ ನಗು ತಡೆಯಲಾಗದೆ ಅತ್ತಿತ್ತ ನೋಡುತ್ತಿದ್ದ.

"ಅಕ್ಕಾರ, ಪತ್ರ ಬಂತ್ರಿ. ಕೊರಿಯರ್‌ನಾಂವ ಕೆಳಗ ನಿಮ್ಮ ಬಾಗಿಲಾನ ಮೊದಲ ಬಡದಿದ್ನಂತ."

"ಪೂರಾ ಓದಿದ್ರಿ?"

"ಎರಡ ಸಲ ಓದೇನ್ರಿ." ಅವನು ದೊನ್ನೆಯನ್ನು ಕೈಯಿಂದ ಕೈಗೆ ಬದಲಿಸಿದ. "ಒಂದ ಮಾತ ಕೇಳೂದದ. ನಾಡದ ಐತವಾರ ಗಣಪತಿ ಹೋಗ್ತಾನ. ಸೋಮವಾರದಿಂದ ಪಕ್ಷ ಹತ್ತತದ. ಅವ್ವ ಅಂತಾಳ, ಕೊಡೂದಿದ್ರ ನಾಳೆನ ಕೊಡು, ಇಲ್ಲಂದ್ರ ಪಕ್ಷ ಮುಗಿಯೂತನಕ ಬ್ಯಾಡ ಅಂತ. ಅಲ್ಲೀತನಕ ತಡದ್ರ ನೋಟಿಸ್ ಒಂದ ತಿಂಗಳು ಹಿಡದ್ರ ಅಕ್ಟೋಬರ್ ಹದಿನೈದಕ್ಕ ಸೇರಾಕ ಆಗೂದಿಲ್ರಿ."

ಅವನ ತಾಯಿ ನಾಗವ್ವ ಬೆಳಗಾವಿ ಕಡೆಯ ಹಳ್ಳಿಯವರು. ಊರಲ್ಲಿದ್ದಾಗ ಹಿರಿಯರಿಗೆ ಎಡೆ ಹಾಕುವ ಅಮಾವಾಸ್ಯೆ ಒಂದನ್ನು ಬಿಟ್ಟರೆ ಉಳಿದ ದಿನಗಳನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡವರಲ್ಲ. ಪುಣೆಗೆ ಬಂದ ಮೇಲೆ ಅಕ್ಕಪಕ್ಕದವರನ್ನು ನೋಡಿ ಪಿತೃಪಕ್ಷದ ಹದಿನೈದು ದಿನವೂ ಹೊಸದೇನನ್ನೂ ಮಾಡಬಾರದೆಂದು ಕಲಿತಿದ್ದರು. ಹೊಸದಾಗಿ ಕಲಿತದ್ದಾದ್ದರಿಂದ ಊರಿನ ಆಚರಣೆಗಳಿಗಿಂತ ಹೆಚ್ಚು ಬಿಗಿಯಾಗಿ ಹಿಡಿದಿದ್ದರು. ಪೆಂಡಾಲಿನ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರು ಇತ್ತಲೇ ನೋಡುತ್ತಿದ್ದರು.

ಲೀಲಾಕ್ಷಿಗೆ ಎಲ್ಲ ಉತ್ತರವೂ ನಾಲಿಗೆಯ ಮೇಲೇ ಇತ್ತು. ಮೆಡಿಕಲ್ ಆಗಿಲ್ಲ. ವಿಚಾರಣೆ ಆಗಿಲ್ಲ. ಮೂರನೆಯ ಸಹಿಯ ಜಾಗ ಖಾಲಿ ಇದೆ. ತಾರೀಕು ಮುಂದೆ ಹಾಕಿಸಿಕೊಳ್ಳಬಹುದು, ಆ ಪತ್ರವನ್ನು ನಾನೇ ಟೈಪು ಮಾಡುತ್ತೇನೆ. ಅಪರಿಚಿತರಿಗೆ ದಿನಕ್ಕೆರಡು ಸಲ ಹೇಳುವ ಮಾತು. ಆದರೆ ಮೂರನೆಯ ಸಹಿ ಆಗಿಲ್ಲವೆಂದು ಹೇಳಿದರೆ ಆಫೀಸಿನ ಒಳಗಿನ ಮಾತನ್ನು ಮನೆಯವರಿಗೆ ಹೇಳಿದಂತಾಗುತ್ತದೆ. ಹೇಳದೆ ಬರೀ ತಡೆಯಿರಿ ಎಂದರೆ, ಅಕ್ಕನಿಗೆ ನಮ್ಮ ಒಳ್ಳೆಯದು ಸೇರಲಿಲ್ಲವೇನೋ ಎಂದು ಅನ್ನಿಸಬಹುದು. ತ್ರಿವೇಣಿ ಆರತಿ ತಟ್ಟೆ ಹಿಡಿದು ಯಾರದೋ ಹಣೆಗೆ ಕುಂಕುಮ ಹಚ್ಚುತ್ತ, ಅಲ್ಲಿಂದಲೇ ಇವಳ ಮುಖ ನೋಡಿ ನಕ್ಕಳು. ಯಾವಾಗಲೂ ಅಳುಕುವ ಅಕ್ಕ ಇವತ್ತಾದರೂ ಅಳುಕದಿರಲಿ ಎನ್ನುವ ಹಾಗಿತ್ತು ಆ ನಗು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪದ ಸಹಿ ಇವರ ಪಾಲಿಗೇ ತಪ್ಪೀತೇ?

"ಕೊಡ್ರಿ," ಎಂದಳು ಲೀಲಾಕ್ಷಿ.

"ಕೊಡ್ಲೇನ್ರಿ?"

"ಕೊಡ್ರಿ. ಏನಾಗೂದಿಲ್ಲ."

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಭೋಸರಿಯಲ್ಲಿ ರಾಜೀನಾಮೆ ಕೊಟ್ಟ. ಐತವಾರ ಗಣಪತಿಯನ್ನು ಕಳಿಸಿದರು. ಸೋಮವಾರ ಪಕ್ಷ ಹತ್ತಿತು. ಮಂಗಳವಾರದ ಪೇಪರಿನಲ್ಲಿ ಅಮೆರಿಕದ ಒಂದು ದೊಡ್ಡ ಬ್ಯಾಂಕು ಮುಳುಗಿದ ಸುದ್ದಿ ಬಂದಿತ್ತು. ಲೀಲಾಕ್ಷಿ ಲೋಕಲ್‌ನಲ್ಲಿ ಪಕ್ಕದವರ ಪೇಪರಿನಲ್ಲಿ ಅದರ ಚಿತ್ರ ನೋಡಿದಳು: ಜನ ತಮ್ಮ ಸಾಮಾನುಗಳನ್ನು ರಟ್ಟಿನ ಡಬ್ಬಿಯಲ್ಲಿ ಹೊತ್ತು ಹೊರಗೆ ಬರುತ್ತಿದ್ದರು. ಪಾಪ ಎಂದುಕೊಂಡಳು. ಶಿವಾಜಿನಗರ ಬಂತು, ಇಳಿದಳು.

ಬುಧವಾರ ಭೋಸರಿಯಿಂದ ರಾಜೀನಾಮೆ ಅಂಗೀಕಾರದ ಪತ್ರ ಬಂತು. ಅಕ್ಟೋಬರ್ ಹದಿಮೂರರ ಸಂಜೆ ಬಿಡುಗಡೆ. ಅಷ್ಟು ಬೇಗ ಅಂಗೀಕಾರ ಬಂದದ್ದು ಅವಳಿಗೆ ಸರಿ ಕಾಣಲಿಲ್ಲ. ಹದಿನಾಲ್ಕು ವರ್ಷ ದುಡಿದವನನ್ನು ಕೂಡ್ರಿಸಿಕೊಂಡು ಯಾಕೆ ಹೋಗುತ್ತೀ ಎಂದು ಒಂದು ಮಾತಾದರೂ ಕೇಳಬೇಕಿತ್ತು. ಮೆಡಿಕಲ್ ರಿಪೋರ್ಟ್ ಚೆನ್ನಾಗಿ ಬಂತು. ಅವನ ಫೈಲಿನಲ್ಲಿ ಈಗ ಎಲ್ಲ ಇದ್ದವು, ಬೇಡಿಕೆ ಹಾಳೆಯ ಮೂರನೆಯ ಸಹಿಯೊಂದನ್ನು ಬಿಟ್ಟು. ದಿನವೂ ಆಫೀಸಿಗೆ ಬಂದ ಕೂಡಲೇ ಅವಳು ಕಪಾಟು ತೆಗೆದು ಆ ಹಾಳೆ ನೋಡುವಳು, ಮುಚ್ಚುವಳು. ಒಂದು ದಿನ ಧೈರ್ಯ ಮಾಡಿ ಕೃಷ್ಣಾಜಿಯವರನ್ನು ಕೇಳಿದಳು.

"ಸಾಹೇಬ, ಚಾಕಣದ ಹಾಳೆಗಳು ಉಳಿದಿವೆ."

"ದೊಡ್ಡ ಸಾಹೇಬರು ಹೊರದೇಶದಲ್ಲಿದ್ದಾರೆ. ಆರ್ಡರಿನ ಮಾತು ನಡೆದಿದೆ," ಎಂದರು ಅವರು. ಮುಖ ಎತ್ತಲಿಲ್ಲ.

ಅಕ್ಟೋಬರ್ ಆರನೆಯ ತಾರೀಕು ಸೋಮವಾರ, ಹನ್ನೊಂದು ಗಂಟೆಯ ಚಹಾ ಬರುವ ಮೊದಲು ಕೃಷ್ಣಾಜಿ ಅವಳನ್ನು ಒಳಗೆ ಕರೆದರು. ಮೇಜಿನ ಮೇಲೆ ಮುಂಬಯಿಯಿಂದ ಬಂದ ಫ್ಯಾಕ್ಸ್ ಇತ್ತು. ಹೊರದೇಶದ ಆರ್ಡರು ಅರ್ಧಕ್ಕರ್ಧ ನಿಂತಿದೆ. ಹೊಸ ನೇಮಕ ಎಲ್ಲ ಬಂದ್. ಇನ್ನೂ ಸೇರದಿರುವವರ ಆಫರ್‌ಗಳನ್ನು ಹಿಂದಕ್ಕೆ ಪಡೆಯಿರಿ.

"ಒಟ್ಟು ಒಂಬತ್ತು ಜನ," ಎಂದರು ಕೃಷ್ಣಾಜಿ. ಕನ್ನಡಕ ತೆಗೆದು ಒರೆಸಿಕೊಂಡರು. "ಪತ್ರ ಇವತ್ತೇ ಹೋಗಬೇಕು. ಏಳನೆಯ ಷರತ್ತನ್ನು ಹೆಸರಿಸಿ ಬರೆಯಿರಿ. ಹೆಚ್ಚು ಬರೆಯಬೇಡಿ." ಸ್ವಲ್ಪ ತಡೆದು ಕೇಳಿದರು. "ನಿಮ್ಮವರು ರಾಜೀನಾಮೆ ಕೊಟ್ಟಿಲ್ಲ ತಾನೆ? ನೀವಿದ್ದೀರಲ್ಲ, ಕೊಡಬೇಡಿ ಎಂದಿರುತ್ತೀರಿ."

"ಕೊಟ್ಟಿದ್ದಾರೆ ಸಾಹೇಬ."

ಕೃಷ್ಣಾಜಿ ಕನ್ನಡಕವನ್ನು ಹಾಕಿಕೊಳ್ಳಲಿಲ್ಲ. ಬರಿಗಣ್ಣಿನಲ್ಲಿ ಅವಳನ್ನು ನೋಡಿದರು. ಹಾಗೆ ನೋಡಿದರೆ ಅವರಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವಳು ಎಂಟು ಪತ್ರಗಳನ್ನು ಮೊದಲು ಟೈಪು ಮಾಡಿದಳು. ಒಂಬತ್ತನೆಯದಕ್ಕೆ ಬಂದಾಗ, ವಿಷಾದಿಸುತ್ತೇವೆ ಎಂಬ ಪದದ ಹತ್ತಿರ ಕೈ ನಿಂತಿತು. ಅದನ್ನು ಅಳಿಸಿ ಬೇರೆ ಪದ ಹುಡುಕಿದಳು. ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಯಾವುದರಲ್ಲಿಯೂ ಸಿಗಲಿಲ್ಲ. ಮತ್ತೆ ಅದನ್ನೇ ಹಾಕಿದಳು. ಎಂಟು ಪತ್ರ ಕೊರಿಯರ್‌ಗೆ ಹೋದವು. ಒಂಬತ್ತನೆಯದನ್ನು ಕೈಚೀಲದಲ್ಲಿಟ್ಟುಕೊಂಡಳು.

ಮೂರನೆಯ ಮಹಡಿಯ ಬಾಗಿಲು ತೆಗೆದದ್ದು ತ್ರಿವೇಣಿ. ನವರಾತ್ರಿಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಜಿಡ್ಡಿನ ಕೈ ಎತ್ತಿಕೊಂಡೇ ನಿಂತಳು. ಶಿವಪ್ರಕಾಶ ಪತ್ರ ಓದಿ ಮಡಚಿದ. ಮತ್ತೆ ಬಿಚ್ಚಿ ಓದಿದ. ನಂತರ ಒಳಗೆ ಹೋಗಿ ಹಿಂದಿನ ಪತ್ರವನ್ನು ತಂದು, ಏಳನೆಯ ಷರತ್ತಿನ ಮೇಲೆ ಬೆರಳಿಟ್ಟು, ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಕಾರ್ಖಾನೆಯಲ್ಲಿ ಮಾಲನ್ನು ಮಾದರಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದುದೂ ಹೀಗೇ ಇರಬೇಕು.

"ಸರಿ ಅದ್ರಿ," ಎಂದ ಕೊನೆಗೆ. "ಬರದದ್ದಕ್ಕ ಸರಿಯಾಗೇ ಅದ."

ನಾಗವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಲ್ಲೋ ತಮ್ಮಾ, ಕೆಲಸ ಕೊಟ್ಟೀವಂತ ಬರದ ಕಳಿಸಿದ್ರಲ್ಲ. ಕೊಟ್ಟದ್ದನ್ನ ಹ್ಯಾಂಗ ಕಸಗೋತಾರ?"

"ಕೊಟ್ಟಿದ್ದಿಲ್ಲವ್ವಾ. ಕೊಡ್ತೀವಿ ಅಂದಿದ್ರು."

"ಅಂದದ್ದಕ್ಕ ಬೆಲಿ ಇಲ್ಲೇನು?"

ಲೀಲಾಕ್ಷಿ, ಇನ್ನೂ ಒಂದು ವಾರ ಇದೆ, ಬಿಡುಗಡೆ ಆಗುವ ಮೊದಲು ರಾಜೀನಾಮೆ ಹಿಂದಕ್ಕೆ ಪಡೆಯಲು ಕೇಳಬಹುದು, ಕೇಳೋಣ ಎಂದಳು. ಅವತ್ತೇ ಕೂತು ಅರ್ಜಿ ಬರೆದಳು. ಇಷ್ಟು ವರ್ಷ ಕಲಿತ ಪದಗಳನ್ನೆಲ್ಲ ಅದರಲ್ಲಿ ಹಾಕಿದಳು: ಬದಲಾದ ಪರಿಸ್ಥಿತಿ, ದೀರ್ಘ ಸೇವೆ, ಸಹಾನುಭೂತಿಯ ಪರಿಶೀಲನೆ.

ಮರುದಿನ ರಜೆ ಹಾಕಿ ಅವನ ಜೊತೆ ತಾನೂ ಭೋಸರಿಗೆ ಹೋದಳು. ಅಲ್ಲಿಯ ಸಿಬ್ಬಂದಿ ಅಧಿಕಾರಿಯ ಹೆಸರು ಮಾರ್ತಾಂಡ. ಅಭ್ಯರ್ಥಿಗಳ ಬಗ್ಗೆ ವಿಚಾರಿಸುವ ಫೋನಿನಲ್ಲಿ ಇವಳ ದನಿ ಅವರಿಗೆ ಪರಿಚಯವಿತ್ತು. ಕೆಟ್ಟ ಮನುಷ್ಯರಲ್ಲ. ಇಬ್ಬರನ್ನೂ ಕೂಡ್ರಿಸಿ ಚಹಾ ತರಿಸಿದರು. ಅರ್ಜಿಯನ್ನು ನಿಧಾನವಾಗಿ ಓದಿದರು. ಕಿಟಕಿಯಿಂದ ಪ್ರೆಸ್ ಶಾಪ್ ಕಾಣುತ್ತಿತ್ತು. ಬಡಿತ ಕೇಳಿಸುತ್ತಿದ್ದದ್ದು ಒಂದೇ ಪ್ರೆಸ್ಸಿನಿಂದ. ಉಳಿದವು ಬಟ್ಟೆ ಹೊದ್ದು ನಿಂತಿದ್ದವು.

"ಬಹಳ ಚೆನ್ನಾಗಿ ಬರೆದಿದ್ದೀರಿ," ಎಂದರು ಮಾರ್ತಾಂಡ ಮರಾಠಿಯಲ್ಲಿ. "ಸಹಿ ಮಾಡಿ ಅಂಗೀಕರಿಸುವ ಮೊದಲು ಬಂದಿದ್ದರೆ ನಾನೇ ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಈಗ ಅಂಗೀಕಾರ ಆಗಿದೆ. ಹಿಂದಕ್ಕೆ ತೆಗೆದುಕೊಳ್ಳುವುದು ಬಿಡುವುದು ಮಾಲೀಕರ ಇಷ್ಟ."

"ಮಾಲೀಕರನ್ನು ಒಮ್ಮೆ ಕೇಳಬಹುದಲ್ಲ," ಎಂದಳು ಲೀಲಾಕ್ಷಿ.

"ಬೆಳಿಗ್ಗೆಯೇ ಕೇಳಿದೆ. ನಿಮ್ಮ ಕಂಪನಿಯ ಸುದ್ದಿ ನಿನ್ನೆಯೇ ಇಲ್ಲಿಗೆ ಬಂದಿತ್ತು." ಅವರು ಕಿಟಕಿಯತ್ತ ಕೈ ತೋರಿಸಿದರು. "ತಾಯಿ, ಮುಚ್ಚಿ ಹೇಳಿ ಏನು ಉಪಯೋಗ? ಇನ್‌ಸ್ಪೆಕ್ಷನ್‌ನಲ್ಲಿ ಇಬ್ಬರನ್ನು ಕಡಿಮೆ ಮಾಡಿ ಎಂದು ನನಗೆ ಹೇಳಿಯಾಗಿದೆ. ಒಬ್ಬರು, ಇವರೇ, ತಾವಾಗಿಯೇ ಬರೆದು ಕೊಟ್ಟಿದ್ದಾರೆ. ಇನ್ನೊಬ್ಬನನ್ನು ನಾನು ಕರೆದು ಹೇಳಬೇಕು. ಇವರನ್ನು ಇಟ್ಟುಕೊಂಡರೆ ಮತ್ತೆ ಇಬ್ಬರನ್ನು ಹುಡುಕಬೇಕು."

ಶಿವಪ್ರಕಾಶ ಚಹಾದ ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಟ್ಟ.

ಮಾರ್ತಾಂಡ ಲೀಲಾಕ್ಷಿಯತ್ತ ತಿರುಗಿದರು. ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು. "ನೀವು ಅದೇ ಕಂಪನಿಯಲ್ಲಿ, ಅದೇ ಕೆಲಸದಲ್ಲಿ ಇರುವವರು. ಷರತ್ತು ತೀರದೆ ಇವರು ಹೇಗೆ ಕೊಟ್ಟರು?"

ಲೀಲಾಕ್ಷಿ ಬಾಯಿ ತೆರೆದಳು. ಅಷ್ಟರಲ್ಲಿ ಶಿವಪ್ರಕಾಶ, "ಅವಸರ ನನ್ನದು ಸಾಹೇಬ. ನಾಲ್ಕು ದಿನ ತಡೆಯಬೇಕಿತ್ತು," ಎಂದ. ಎದ್ದು ಕೈ ಮುಗಿದ.

ಗೇಟಿನ ಹೊರಗೆ ಬಸ್ಸಿಗೆ ನಿಂತಾಗ ಅವಳಿಗೆ ಏನೋ ಹೇಳಬೇಕೆನಿಸಿತು. "ನೀವು ಹಂಗ ಯಾಕ ಅಂದ್ರಿ?" ಎಂದಳು. ಅವನು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. "ಮತ್ತೇನ ಅನ್ಬೇಕ್ರಿ ಅಕ್ಕಾರ? ಅಂದ್ರ ಕೆಲಸ ತಿರುಗಿ ಬರ್ತದೇನು?" ಎಂದ. ಅದರಲ್ಲಿ ಸಿಟ್ಟಿದೆಯೇ ಎಂದು ಅವಳು ದಾಪೋಡಿಯವರೆಗೆ ಹುಡುಕಿದಳು. ಸಿಟ್ಟಿದ್ದರೆ ಒಳ್ಳೆಯದಿತ್ತು.

ಶಿವಾಜಿನಗರದ ಕೋರ್ಟಿನ ಮುಂದೆ ಕೂರುವ ಒಬ್ಬ ವಕೀಲರಿಗೂ ಎರಡೂ ಪತ್ರ ತೋರಿಸಿದರು. ಅವರು ಏಳನೆಯ ಷರತ್ತನ್ನು ಪೆನ್ನಿನ ತುದಿಯಿಂದ ಮುಟ್ಟಿ, ಹೋರಾಡಬಹುದು, ಆದರೆ ಇದೊಂದು ಸಾಲು ನಿಮಗೆ ಅಡ್ಡ ಬರುತ್ತದೆ, ವರ್ಷಗಟ್ಟಲೆ ಹಿಡಿಯುತ್ತದೆ ಎಂದರು. ಆ ಸಾಲನ್ನು ಟೈಪು ಮಾಡಿದವಳು ಎದುರಿಗೇ ಕೂತಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ.

ಹದಿಮೂರರ ಸಂಜೆ ಶಿವಪ್ರಕಾಶ ತನ್ನ ಊಟದ ಡಬ್ಬಿ, ಒಂದು ಸ್ಟೀಲಿನ ಲೋಟ, ಹದಿನಾಲ್ಕು ವರ್ಷ ಬಳಸಿದ ಅಳತೆಯ ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದ. ಆಮೇಲೆ ಮೇಲಿನ ಮನೆಯ ಸದ್ದುಗಳು ಬದಲಾದವು. ಬೆಳಗಿನ ಆರು ಗಂಟೆಯ ಕುಕ್ಕರ್ ಸೀಟಿ ಒಂಬತ್ತಕ್ಕೆ ಹೋಯಿತು. ಹಗಲು ಯಾರೋ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುವ ಸಪ್ಪಳ ಐತವಾರ ಅವಳಿಗೆ ಕೇಳಿಸುತ್ತಿತ್ತು. ಚಿಂಚವಾಡ, ಪಿಂಪ್ರಿ, ಚಾಕಣ ಎಲ್ಲ ಕಡೆ ಅವನು ತಿರುಗಿದ. ಎಲ್ಲ ಗೇಟಿನಲ್ಲೂ ಒಂದೇ ಉತ್ತರ. ದೀಪಾವಳಿಗೆ ತ್ರಿವೇಣಿ ಚಕ್ಕುಲಿ ಮಾಡಿ ಕಳಿಸಿದಳು, ಪ್ರತಿ ವರ್ಷದಷ್ಟೇ. ಅವುಗಳನ್ನು ತಿನ್ನಲು ಲೀಲಾಕ್ಷಿಗೆ ಎಂಟು ದಿನ ಹಿಡಿಯಿತು.

ಆಫೀಸಿನಲ್ಲಿ ಅವಳು ಒಂದು ಕೆಲಸ ಮಾಡಿದಳು. ಆಫರ್ ಲೆಟರಿನ ನಮೂನೆಯಲ್ಲಿ, ಸಹಿಯ ಮೇಲೆ, ಹೊಸದೊಂದು ಸಾಲು ಸೇರಿಸಿದಳು: ಎಲ್ಲ ಷರತ್ತುಗಳು ಪೂರೈಸಿವೆಯೆಂದು ನಮ್ಮಿಂದ ಲಿಖಿತವಾಗಿ ತಿಳಿಯುವ ತನಕ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ದಪ್ಪ ಅಕ್ಷರದಲ್ಲಿ. ಕೃಷ್ಣಾಜಿ ಓದಿ, ಕೆಂಪು ಪೆನ್ನಿನಿಂದ ಅದರ ಮೇಲೆ ಗೀಟು ಎಳೆದರು. "ಹೀಗೆ ಬರೆದರೆ ನಾಳೆ ಕೆಲಸ ಶುರುವಾದಾಗ ಒಬ್ಬನೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಲೀಲಾತಾಯಿ. ನಮಗೂ ಜನ ಬೇಕಲ್ಲ." ಅವಳು ಆ ಸಾಲು ತೆಗೆದು ನಮೂನೆಯನ್ನು ಮೊದಲಿನಂತೆಯೇ ಮಾಡಿಟ್ಟಳು.

ನವೆಂಬರ್ ಶುರುವಿಗೆ ಶಿವಪ್ರಕಾಶನಿಗೆ ಪುಣೆಯಾಚೆಯ ಶಿರೂರಿನ ಕಡೆ ಒಂದು ಕೆಲಸ ಸಿಕ್ಕಿತು. ಹುಲಿಗೆಪ್ಪ ಎಂಬ ರಾಯಚೂರು ಕಡೆಯ ಕಂಟ್ರಾಕ್ಟರು, ಅಲ್ಲಿಯ ಕಾರ್ಖಾನೆಗಳಿಗೆ ಆಳು ಕೊಡುವವನು. ಮಾಲು ಎಣಿಸಿ ಲಾರಿಗೆ ಹತ್ತಿಸುವಲ್ಲಿ ನಿಲ್ಲಬೇಕು, ಹಾಜರಿ ಇದ್ದ ದಿನಕ್ಕೆ ಕೂಲಿ. ಅಲ್ಲೇ ನಾಲ್ಕು ಜನರ ಜೊತೆ ಒಂದು ಕೋಣೆ. ಗುರುವಾರ ರಜೆ, ಆ ದಿನ ಮನೆಗೆ ಬರಬಹುದು.

ಸೋಮವಾರ ಬೆಳಿಗ್ಗೆ ಶಿವಾಜಿನಗರದ ಸ್ಟ್ಯಾಂಡಿನಿಂದ ಬಸ್ಸು. ತ್ರಿವೇಣಿ ಕಳಿಸಲು ಬಂದಿದ್ದಳು. ಆಫೀಸು ಹತ್ತಿರವೇ ಎಂಬ ನೆಪದಲ್ಲಿ ಲೀಲಾಕ್ಷಿಯೂ ಬಂದಳು. ಅವನು ಹಾಸಿಗೆಯ ಸುರುಳಿಯನ್ನು ಸೀಟಿನ ಕೆಳಗೆ ತುರುಕಿ ಕಿಟಕಿಯ ಹತ್ತಿರ ಕೂತ.

"ಆ ಕಂಟ್ರಾಕ್ಟರ ಏನರ ಬರದ ಕೊಟ್ಟಾನೇನ್ರಿ?" ಎಂದು ಕೇಳಿದಳು ಲೀಲಾಕ್ಷಿ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು. "ಏನಿಲ್ರಿ ಅಕ್ಕಾರ. ಆಫರೂ ಇಲ್ಲ, ಅಪಾಯಿಂಟ್‌ಮೆಂಟೂ ಇಲ್ಲ. ಈ ಸಲ ಅರಾಮ ಅದ, ಹಿಂದಕ್ಕ ತಗೋಳಾಕ ಅಂವನ ಕಡೆ ಕಾಗದಾನ ಇಲ್ಲ."

ತ್ರಿವೇಣಿ ನಗಲಿಲ್ಲ. ಕಂಡಕ್ಟರು ಇನ್ನೂ ಟಿಕೆಟು ಹರಿಯುತ್ತಿದ್ದ. ಅವಳು ಅಕ್ಕನ ಕೈ ಹಿಡಿದು ಬಸ್ಸಿನಿಂದ ಎರಡು ಹೆಜ್ಜೆ ಆಚೆ ಕರೆದಳು.

"ಅಕ್ಕ, ನೀ ನಮ್ಮ ಮುಂದ ತಲಿ ತಗ್ಗಿಸಿ ಅಡ್ಡಾಡೂದ ಬಿಡು. ಕೆಳಗಿನ ಮನಿಯಾಗ ನೀ ಹೊಟ್ಟಿತುಂಬ ಉಣ್ಣವಲ್ಲಿ ಅನ್ನೂದು ನನಗ ಗೊತ್ತಾಗೂದಿಲ್ಲೇನು? ನಿಂದೇನ ತಪ್ಪದ? ಅವತ್ತ ಗಣಪತಿ ಮುಂದ ನೀ ಬ್ಯಾಡ ಅಂದಿದ್ದೆಂತ. ಮಂಜೂರಿ ಆಗೂತನಕ ತಡೀರಿ ಅಂತ ಕೈ ಮುಗದ ಹೇಳಿದ್ರೂ ನಾನ ಕೇಳಲಿಲ್ಲ ಅಂತ ಇವರ ಹೇಳಿದ್ರು."

ಸ್ಟ್ಯಾಂಡಿನ ಧ್ವನಿವರ್ಧಕ ಯಾವುದೋ ಊರಿನ ಹೆಸರು ಕೂಗುತ್ತಿತ್ತು. ಲೀಲಾಕ್ಷಿ ತಂಗಿಯ ತುಟಿಗಳನ್ನೇ ನೋಡುತ್ತ ನಿಂತಳು.

"ಯಾವಾಗ ಹೇಳಿದ್ರು?"

"ನೀ ಆ ಎರಡನೇ ಪತ್ರ ತಂದ ದಿನಾನ. ನೀ ಕೆಳಗ ಹೋದ ಮ್ಯಾಲೆ. ಅತ್ತೀ ಮುಂದನೂ ಹಂಗ ಹೇಳ್ಯಾರ. ಅವರಂತೂ ಪಕ್ಷದ ಮಾತ ಎತ್ತಿದ್ದು ನಾನ, ಮಗನ ಅನ್ನ ಕಸದಾಕಿ ನಾನ ಅಂತ ಒಂದ ಹೊತ್ತಿನ ಊಟ ಬಿಟ್ಟಾರ. ಲೀಲಾನ ಮಾತ ಕೇಳಿದ್ರ ಆಗತಿತ್ತು ಅಂತ ದಿನಾ ಅಂತಾರ."

ಲೀಲಾಕ್ಷಿ ಬಸ್ಸಿನ ಕಡೆ ನೋಡಿದಳು. ಕಿಟಕಿಯಲ್ಲಿ ಶಿವಪ್ರಕಾಶ ಇವರತ್ತಲೇ ನೋಡುತ್ತಿದ್ದ. ಮಾತು ಅವನಿಗೆ ಕೇಳಿಸುವಂತಿರಲಿಲ್ಲ, ಆದರೆ ಏನು ಮಾತೆಂದು ತಿಳಿದಿತ್ತು ಅನ್ನಿಸಿತು. ಅವನು ತಲೆಯನ್ನು ಸ್ವಲ್ಪವೇ, ಬೇಡ ಎನ್ನುವಷ್ಟು ಅಲ್ಲಾಡಿಸಿದ.

ನಾನು ಕೊಡ್ರಿ ಎಂದಿದ್ದೆ. ಎರಡು ಸಲ ಕೇಳಿದರು, ಎರಡು ಸಲವೂ ಕೊಡ್ರಿ ಎಂದೆ. ಇಷ್ಟೇ ಮಾತು. ಇದನ್ನು ಈಗ ಹೇಳಿದರೆ ಮುದುಕಿ ಇವತ್ತು ರಾತ್ರಿ ಉಣ್ಣುತ್ತಾರೆ. ತ್ರಿವೇಣಿ ಹಿಡಿದ ಕೈ ಬಿಡುತ್ತಾಳೆ. ಲೀಲಾಕ್ಷಿ ಮಾತನ್ನು ಮನಸ್ಸಿನಲ್ಲಿ ಜೋಡಿಸಿದಳು. ಜೋಡಿಸಿದ್ದು ಸರಿಯಾಗಿದೆಯೇ ಎಂದು ಅಭ್ಯಾಸಬಲದಿಂದ ಇನ್ನೊಮ್ಮೆ ನೋಡಿದಳು. ಅಷ್ಟರಲ್ಲಿ ಬಸ್ಸಿನ ಗಂಟೆ ಹೊಡೆಯಿತು.

"ಹೌದಿಲ್ಲೋ ಅಕ್ಕ?" ಎಂದಳು ತ್ರಿವೇಣಿ. "ಬ್ಯಾಡ ಅಂದಿದ್ದೆಲಾ?"

"ಹೌದು," ಎಂದಳು ಲೀಲಾಕ್ಷಿ.

ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿತು. ತ್ರಿವೇಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಕ್ಕನ ತೋಳಿಗೆ ತಲೆ ಆನಿಸಿ, ಸಣ್ಣವಳಿದ್ದಾಗ ನಿಲ್ಲುತ್ತಿದ್ದ ಹಾಗೆ ನಿಂತಳು.

"ಮುಂದ ಎಲ್ಲಿಂದರ ಪತ್ರ ಬಂದ್ರ ಮೊದಲ ನಿನಗ ತೋರಸ್ತೀವಿ," ಎಂದಳು. "ನೀ ಹೂಂ ಅಂದ ಮ್ಯಾಲೇನ ಮುಂದಿಂದು."